ಮೂರು ಆಸ್ತಿ, ಮೂರು ಲೆಕ್ಕ: ಲಾಂಗ್ ಟರ್ಮ್ ಅಂದ್ಕೊಂಡಿದ್ದು ಶಾರ್ಟ್ ಟರ್ಮ್ ಆದ ಒಂದು ಪ್ರಕರಣ

ನಾನು ಟ್ಯಾಕ್ಸ್ ಪ್ರಾಕ್ಟೀಸ್ ಮಾಡ್ತೀನಿ. ಇಲ್ಲಿ ಹೇಳ್ತಿರೋದು ಒಬ್ಬ ಕ್ಲೈಂಟ್‌ದು, ಹೆಸರು, ಊರು, ಯಾವ ಕಂಪನಿ ಷೇರು ಅನ್ನೋದೆಲ್ಲ ಬಿಟ್ಟಿದೀನಿ, ಅಂಕಿಗಳನ್ನ ಲೆಕ್ಕ ಹಾಕೋಕೆ ಸುಲಭ ಆಗ್ಲಿ ಅಂತ ರೌಂಡ್ ಮಾಡಿದೀನಿ, ಆದ್ರೆ ಯಾವ ನಿರ್ಧಾರ ಯಾಕೆ ತಗೊಂಡ್ರು ಅನ್ನೋದು ಇದ್ದ ಹಾಗೇ ಇದೆ. ಇದನ್ನ ಬರೀಬೇಕು ಅನ್ಸಿದ್ದು ಯಾಕಂದ್ರೆ ಇವರ ಹತ್ರ ಮೂರು ಥರದ ಆಸ್ತಿ ಇತ್ತು, ಮೂರರ ಬಗ್ಗೆನೂ ಅವರ ಅಂದಾಜು ಉಲ್ಟಾ ಇತ್ತು, ಮತ್ತೆ ಆ ತಪ್ಪು ಅಂದಾಜು ಅವರೊಬ್ಬರದ್ದೇ ಅಲ್ಲ, ಬರೋರಲ್ಲಿ ತುಂಬಾ ಜನರದ್ದು. ಆಸ್ತಿ ಮಾರಿ ಬಂದ ಲಾಭ, ಅಂದ್ರೆ ಕ್ಯಾಪಿಟಲ್ ಗೇನ್, ಆಸ್ತಿನ ಎಷ್ಟು ಕಾಲ ಇಟ್ಕೊಂಡಿದ್ರಿ ಅನ್ನೋದರ ಮೇಲೆ ಲಾಂಗ್ ಟರ್ಮ್ ಅಥವಾ ಶಾರ್ಟ್ ಟರ್ಮ್ ಆಗತ್ತೆ, ಟ್ಯಾಕ್ಸ್ ರೇಟೂ ಅದರ ಮೇಲೇ.

ಹಿನ್ನೆಲೆ

ಮೇಡಂ ಸಾಫ್ಟ್‌ವೇರ್‌ನಲ್ಲಿದಾರೆ, ಹೊಸ ರೆಜೀಮ್, ಸಂಬಳದ ಟ್ಯಾಕ್ಸೆಬಲ್ ಆದಾಯ ಸುಮಾರು 26 ಲಕ್ಷ, ಅಂದ್ರೆ ಮೇಲಿನ ರೂಪಾಯಿಗಳಿಗೆ 30% ಸ್ಲ್ಯಾಬ್, ಸೆಸ್ ಸೇರಿ 31.2%. ಫ್ಲಾಟ್ ಬುಕ್ ಮಾಡಿದ್ರು, ಬಿಲ್ಡರ್‌ಗೆ 2025ರ ನವೆಂಬರ್ ಕೊನೆಯೊಳಗೆ 25 ಲಕ್ಷ ಕಟ್ಟಬೇಕಿತ್ತು. ಹೋಮ್ ಲೋನ್ ಜಾಸ್ತಿ ತಗೊಳೋಕೆ ಇಷ್ಟ ಇರ್ಲಿಲ್ಲ, ಇರೋದನ್ನ ಮಾರೋಣ ಅಂತ ಗಂಡ ಹೆಂಡತಿ ಇಬ್ರೂ ಲೆಕ್ಕ ಹಾಕ್ಕೊಂಡು ಬಂದಿದ್ರು.

ಇದ್ದದ್ದು ಇಷ್ಟು. ಒಂದು, ಒಂದೇ ಲಿಸ್ಟೆಡ್ ಕಂಪನಿಯ 2,000 ಷೇರು, ಅದರಲ್ಲಿ 1,000 ಷೇರನ್ನ 2022ರ ಮೇನಲ್ಲಿ ತಲಾ 800ಕ್ಕೆ ತಗೊಂಡಿದ್ದು, ಇನ್ನು 1,000 ಷೇರು 2025ರ ಮಾರ್ಚ್ 10ರಂದು ಒಂದಕ್ಕೊಂದು ಬೋನಸ್ ಅಂತ ಅಲಾಟ್ ಆಗಿದ್ದು. ಅವರು ನನ್ನ ಹತ್ರ ಬಂದಾಗ ಬೆಲೆ ಷೇರಿಗೆ 700, ಒಟ್ಟು 14 ಲಕ್ಷ. ಎರಡು, 2023ರ ಜೂನ್‌ನಲ್ಲಿ ಡೆಟ್ ಮ್ಯೂಚುವಲ್ ಫಂಡಿಗೆ ಹಾಕಿದ 10 ಲಕ್ಷ, ಅದು 12 ಲಕ್ಷ ಆಗಿತ್ತು. ಮೂರು, ಅಮ್ಮ ಬರೆದಿಟ್ಟ ವಿಲ್ ಪ್ರಕಾರ ಬಂದ 100 ಗ್ರಾಂ ಒಡವೆ, ಅಮ್ಮ ತೀರ್ಕೊಂಡಿದ್ದು 2025ರ ಜನವರಿಯಲ್ಲಿ, ಒಡವೆ ಮಾಡಿಸಿದ್ದು 1998ರಲ್ಲಿ, ಮಾರಿದ್ರೆ ಸುಮಾರು 11 ಲಕ್ಷ.

ಅವರ ಪ್ಲಾನ್, ಮತ್ತೆ ಅದರಲ್ಲಿದ್ದ ಸಮಸ್ಯೆ

ಅವರ ಲೆಕ್ಕ ನೋಡೋಕೆ ತುಂಬ ಸರಿಯಾಗೇ ಇತ್ತು. ಷೇರು ತಗೊಂಡು ಮೂರು ವರ್ಷದ ಮೇಲಾಯ್ತು, ಲಾಂಗ್ ಟರ್ಮ್. ಆ್ಯಪಲ್ಲಿ ಆವರೇಜ್ ಬೆಲೆ 400 ಅಂತ ತೋರಿಸ್ತಿದೆ, ಅಂದ್ರೆ ಹಾಕಿದ್ದು 8 ಲಕ್ಷ, ಬರೋದು 14 ಲಕ್ಷ, ಲಾಭ 6 ಲಕ್ಷ, ಅದರಲ್ಲಿ 1.25 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ, ಉಳಿದ 4.75 ಲಕ್ಷಕ್ಕೆ 12.5%, ಸೆಸ್ ಸೇರಿ 61,750. ಡೆಟ್ ಫಂಡ್ ಎರಡು ವರ್ಷ ದಾಟಿದೆ, ಅದೂ ಲಾಂಗ್ ಟರ್ಮ್, 2 ಲಕ್ಷ ಲಾಭಕ್ಕೆ 12.5%, ಸೆಸ್ ಸೇರಿ 26,000. ಒಟ್ಟು 87,750 ಟ್ಯಾಕ್ಸ್ ಕಟ್ಟಿದ್ರೆ 26 ಲಕ್ಷ ಕೈಗೆ. ಚಿನ್ನ ಮಾತ್ರ ಮುಟ್ಟೋದು ಬೇಡ, ಅದು ಕೈಗೆ ಬಂದು ವರ್ಷ ಕೂಡ ಆಗಿಲ್ಲ, ಶಾರ್ಟ್ ಟರ್ಮ್ ಆಗಿ ಪೂರ್ತಿ 31.2% ಹೋಗತ್ತೆ, ಅಂತ ಅವರ ವಾದ.

"ಸರ್, ಇದು ಸರಿ ಇದೆ ಅಲ್ವಾ, ಇವತ್ತೇ ಆರ್ಡರ್ ಹಾಕಿಬಿಡ್ಲಾ?" ಅಂತ ಕೇಳಿದ್ರು. ನಾನು ಡಿಮ್ಯಾಟ್ ಸ್ಟೇಟ್‌ಮೆಂಟ್ ತೋರ್ಸಿ ಮೇಡಂ, ಆ್ಯಪ್ ಬೇಡ ಅಂದೆ.

ಹೀಗೇ ಮಾಡಿದ್ದಿದ್ರೆ ನಿಜವಾದ ಟ್ಯಾಕ್ಸ್ 2,08,000 ಆಗ್ತಿತ್ತು. ಎರಡೂವರೆ ಪಟ್ಟು ಹತ್ತಿರ. ಯಾಕೆ ಅಂತ ಒಂದೊಂದೇ ನೋಡೋಣ, ಯಾಕಂದ್ರೆ ಇಲ್ಲಿ ರೂಲ್ ಗೊತ್ತಾದ್ರೆ ಮಾತ್ರ ಸಾಲದು, ಆ ರೂಲ್ ಯಾಕೆ ಹಾಗಿದೆ ಅನ್ನೋದು ಗೊತ್ತಿದ್ರೆ ಮುಂದಿನ ಸಲ ಬೇರೆ ಆಸ್ತಿ ಬಂದಾಗ ನೀವೇ ಊಹಿಸಬಹುದು.

ಮೊದಲು, ಈ ಲಾಂಗ್ ಟರ್ಮ್ ರಿಯಾಯ್ತಿ ಯಾಕೆ ಅಂತ

ಎರಡು ಕಾರಣ ಮುಖ್ಯ. ಒಂದು ಹಣದುಬ್ಬರ, ಹತ್ತು ವರ್ಷ ಇಟ್ಕೊಂಡ ಸೈಟಿನ ಬೆಲೆ ಏರಿದೆ ಅಂದ್ರೆ ಅದರಲ್ಲಿ ಒಂದು ಭಾಗ ಲಾಭವೇ ಅಲ್ಲ, ರೂಪಾಯಿ ಬೆಲೆ ಇಳಿದಿದ್ದು ಅಷ್ಟೆ. ಇನ್ನೊಂದು ಏನಂದ್ರೆ, ಹತ್ತು ವರ್ಷ ಸ್ವಲ್ಪ ಸ್ವಲ್ಪ ಬೆಳೆದ ಲಾಭ ಮಾರಿದ ಒಂದೇ ವರ್ಷದಲ್ಲಿ ಬಂದು ಬೀಳತ್ತೆ, ವರ್ಷ ವರ್ಷ ಬಂದಿದ್ರೆ ಕೆಳಗಿನ ಸ್ಲ್ಯಾಬಲ್ಲಿ ಮುಗೀತಿದ್ದಿದ್ದು ಒಟ್ಟಿಗೆ ಬಂದು ಮೇಲಿನ ಸ್ಲ್ಯಾಬಿಗೆ ಏರತ್ತೆ. ಅದಕ್ಕೆ ರೇಟ್ ಕಮ್ಮಿ. ಮೊದಲು ಹಣದುಬ್ಬರಕ್ಕೆ ಇಂಡೆಕ್ಸೇಶನ್ ಅಂತ ಬೇರೆ ಲೆಕ್ಕ ಇತ್ತು ಮತ್ತೆ ರೇಟ್ 20% ಇತ್ತು, 2024ರ ಜುಲೈ 23ರಿಂದ ಇಂಡೆಕ್ಸೇಶನ್ ತೆಗೆದು ರೇಟನ್ನ 12.5%ಗೆ ಇಳಿಸಿದ್ರು, ಆ ದಿನಕ್ಕಿಂತ ಮುಂಚೆ ತಗೊಂಡ ಜಾಗ, ಮನೆಗೆ ಮಾತ್ರ ಇಲ್ಲಿನ ನಿವಾಸಿಗಳಿಗೆ ಹಳೇ ಲೆಕ್ಕದ ಆಯ್ಕೆ ಉಳೀತು.

ಹಾಗಾದ್ರೆ ಎಲ್ಲದಕ್ಕೂ ಒಂದೇ ಅವಧಿ ಯಾಕಿಲ್ಲ? ಷೇರು ಬೆಳಗ್ಗೆ ತಗೊಂಡು ಸಂಜೆ ಮಾರಬಹುದು, ಆ ಮಾರ್ಕೆಟ್ಟಲ್ಲಿ ಒಂದು ವರ್ಷ ಸುಮ್ಮನೆ ಕೂತೋನು ಅಂದ್ರೇನೇ ಇನ್ವೆಸ್ಟರ್ ಅಂತ ಒಪ್ಪಬಹುದು. ಜೊತೆಗೆ ಜನರ ಉಳಿತಾಯ ಚಿನ್ನ, ಜಾಗ ಬಿಟ್ಟು ಷೇರು ಮಾರ್ಕೆಟ್ ಕಡೆ ಬರ್ಲಿ ಅನ್ನೋ ಆಸೆನೂ ಸರ್ಕಾರಕ್ಕೆ ಇತ್ತು, ಅದಕ್ಕೆ ಷೇರಿಗೆ 12 ತಿಂಗಳು. ಜಾಗ, ಚಿನ್ನ ಇವೆಲ್ಲ ಬೇಗ ಕೈ ಬದಲಾಗೋ ವಸ್ತು ಅಲ್ಲ, ಅಲ್ಲಿ ಒಂದು ವರ್ಷದಲ್ಲಿ ಮಾರಿದೋನು ಬಹುಶಃ ವ್ಯಾಪಾರಕ್ಕೇ ತಗೊಂಡಿರ್ತಾನೆ ಅನ್ನೋ ಊಹೆ, ಅದಕ್ಕೆ ತುಂಬಾ ಕಾಲ 36 ತಿಂಗಳು ಇತ್ತು. 2017ರ ಬಜೆಟ್ಟಲ್ಲಿ ಜಾಗ, ಮನೆಗೆ 24ಕ್ಕೆ ಇಳಿಸಿದಾಗ ಕೊಟ್ಟ ಕಾರಣ ರಿಯಲ್ ಎಸ್ಟೇಟ್‌ಗೆ ಉತ್ತೇಜನ ಅಂತ. 2024ರಲ್ಲಿ ಚಿನ್ನನೂ ಸೇರಿ ಉಳಿದವು 24ಕ್ಕೆ ಬಂದ್ವು, ಈಗ 12 ಮತ್ತು 24 ಎರಡೇ. ಹಾಗಾಗಿ ಈ ಸಂಖ್ಯೆಗಳ ಹಿಂದೆ ಸ್ವಲ್ಪ ತರ್ಕ ಇದೆ, ಸ್ವಲ್ಪ ಆ ಹೊತ್ತಿಗೆ ಸರ್ಕಾರ ದುಡ್ಡನ್ನ ಯಾವ ಕಡೆ ತಳ್ಳಬೇಕು ಅಂದ್ಕೊಂಡಿತ್ತು ಅನ್ನೋದೂ ಇದೆ, ಎರಡನೇದನ್ನ ಮರೆತು ಬರೀ ತರ್ಕ ಹುಡುಕೋಕೆ ಹೋದ್ರೆ ತಲೆ ಕೆಡತ್ತೆ.

ಬೋನಸ್ ಷೇರು

ಈ ಪ್ರಕರಣದಲ್ಲಿ ದೊಡ್ಡ ಗುಂಡಿ ಇದ್ದಿದ್ದು ಇಲ್ಲೇ. ಬೋನಸ್ ಷೇರಿನ ಅವಧಿ ಅದು ಅಲಾಟ್ ಆದ ದಿನದಿಂದ ಶುರು ಆಗತ್ತೆ, ಮೂಲ ಷೇರು ಯಾವಾಗ ತಗೊಂಡ್ರಿ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ಅದರ ಖರೀದಿ ಬೆಲೆ ಸೊನ್ನೆ. ಆ್ಯಪ್ ತೋರಿಸೋ 400 ರೂಪಾಯಿ ಆವರೇಜ್ ನಿಮ್ಮ ಸಮಾಧಾನಕ್ಕೆ ಇರೋದು, ಟ್ಯಾಕ್ಸಿಗೆ ಅಲ್ಲ.

ಅಂದ್ರೆ ಮೇಡಂ ನವೆಂಬರಲ್ಲಿ ಎಲ್ಲ 2,000 ಮಾರಿದ್ರೆ ಕಾನೂನಿನ ಕಣ್ಣಲ್ಲಿ ಅದು ಎರಡು ಬೇರೆ ಬೇರೆ ಆಸ್ತಿ. ಮೂಲ 1,000 ಷೇರು, ಬೆಲೆ 800, ಮಾರಿದ್ದು 700, ಅಂದ್ರೆ 1 ಲಕ್ಷ ಲಾಂಗ್ ಟರ್ಮ್ ನಷ್ಟ. ಬೋನಸ್ 1,000 ಷೇರು, ಬೆಲೆ ಸೊನ್ನೆ, ಮಾರಿದ್ದು 700, ಅಂದ್ರೆ 7 ಲಕ್ಷ ಶಾರ್ಟ್ ಟರ್ಮ್ ಲಾಭ, ಅದಕ್ಕೆ 20%, ಸೆಸ್ ಸೇರಿ 1,45,600. ಆ 1 ಲಕ್ಷ ನಷ್ಟನ ಈ 7 ಲಕ್ಷದಲ್ಲಿ ಕಳೀಬಹುದಾ ಅಂದ್ರೆ ಇಲ್ಲ, ಲಾಂಗ್ ಟರ್ಮ್ ನಷ್ಟ ಲಾಂಗ್ ಟರ್ಮ್ ಲಾಭದಲ್ಲಿ ಮಾತ್ರ ಕಳಿಯೋದು, ಶಾರ್ಟ್ ಟರ್ಮ್ ನಷ್ಟಕ್ಕೆ ಮಾತ್ರ ಎರಡೂ ಕಡೆ ಹೋಗೋ ಸ್ವಾತಂತ್ರ್ಯ. ಕಾರಣ ನೇರ ಇದೆ: ಕಮ್ಮಿ ರೇಟಿನ ಬುಟ್ಟಿಯ ನಷ್ಟ ಹೆಚ್ಚು ರೇಟಿನ ಬುಟ್ಟಿಯ ಲಾಭ ತಿನ್ನಬಾರದು ಅಂತ.

ಯಜಮಾನ್ರಿಗೆ ಇದು ಸಿಟ್ಟು ತರಿಸ್ತು. "ಬೋನಸ್ ಬಂದಾಗ ಒಂದ್ರೂಪಾಯಿನೂ ಬಂದಿಲ್ಲ ಸರ್, ಬೆಲೆ ಅರ್ಧ ಆಯ್ತು ಅಷ್ಟೆ, ಅದು ಹೊಸ ಆಸ್ತಿ ಹೆಂಗಾಗತ್ತೆ?" ಅಂದ್ರು. ಆರ್ಥಿಕವಾಗಿ ನೋಡಿದ್ರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದೆ ಮೂಲ ಬೆಲೆಯನ್ನ ಹಳೇ ಷೇರು, ಬೋನಸ್ ಷೇರು ಎರಡಕ್ಕೂ ಹಂಚೋ ಪದ್ಧತಿನೇ ಇತ್ತು, 1990ರ ದಶಕದಲ್ಲಿ ಅದನ್ನ ಬಿಟ್ಟು ಬೋನಸ್‌ಗೆ ಸೊನ್ನೆ ಅಂತ ಮಾಡಿದ್ರು. ಹಂಚೋ ಲೆಕ್ಕ ನ್ಯಾಯವಾಗಿದ್ರೂ, ನಾಲ್ಕು ಸಲ ಬೇರೆ ಬೇರೆ ಬೆಲೆಗೆ ತಗೊಂಡು ಮಧ್ಯ ಎರಡು ಸಲ ಬೋನಸ್ ಬಂದಿರೋನ ಫೈಲ್ ಇಟ್ಕೊಂಡು ಕೂತ್ರೆ ಗೊತ್ತಾಗತ್ತೆ ಸೊನ್ನೆ ಎಷ್ಟು ಸುಲಭ ಅಂತ. ಒಟ್ಟು ಲಾಭ ಎರಡೂ ದಾರಿಯಲ್ಲಿ ಒಂದೇ, ಕೊನೆಗೆ ಎಲ್ಲ ಮಾರಿದಾಗ 6 ಲಕ್ಷವೇ, ಯಾವ ಭಾಗ ಯಾವ ಬುಟ್ಟಿಗೆ ಬೀಳತ್ತೆ ಅನ್ನೋದು ಮಾತ್ರ ಬೇರೆ. ಅದರಲ್ಲೇ ಎಂಬತ್ತು ಸಾವಿರ ಹೋಗತ್ತೆ ಅನ್ನೋದು ಬೇರೆ ಮಾತು.

ಇನ್ನೊಂದು ನೋಡಿ, ಇದೇ ಕಂಪನಿ ಬೋನಸ್ ಬದಲು ಷೇರನ್ನ ಎರಡಾಗಿ ಸ್ಪ್ಲಿಟ್ ಮಾಡಿದ್ದಿದ್ರೆ ಈ ತಲೆನೋವೇ ಇರ್ತಿರ್ಲಿಲ್ಲ. ಸ್ಪ್ಲಿಟ್‌ನಲ್ಲಿ ಹಳೇ ತಾರೀಖು, ಹಳೇ ಬೆಲೆ ಎರಡೂ ಹೊಸ ತುಂಡುಗಳಿಗೆ ಹಂಚ್ಕೊಂಡು ಬರತ್ತೆ. ಹೊರಗಿಂದ ನೋಡೋಕೆ ಎರಡೂ ಒಂದೇ ಥರ, ಬೆಲೆ ಅರ್ಧ ಆಗಿ ಷೇರು ಡಬಲ್ ಆಗಿರತ್ತೆ, ಅದಕ್ಕೇ ನಾನು ಡಿಮ್ಯಾಟ್ ಸ್ಟೇಟ್‌ಮೆಂಟ್ ಕೇಳೋದು, ಅಲ್ಲಿ ಬೋನಸ್ ಅಂತ ಬೇರೆ ಸಾಲಲ್ಲಿ ಬಂದಿರತ್ತೆ. ತಾರೀಖು ಮಾತ್ರ ಹುಷಾರಾಗಿ ನೋಡ್ಕೋಬೇಕು, ರೆಕಾರ್ಡ್ ಡೇಟ್ ಬೇರೆ, ಅಲಾಟ್‌ಮೆಂಟ್ ಬೇರೆ, ಬೇಕಾಗಿರೋದು ಅಲಾಟ್‌ಮೆಂಟ್.

ಡೆಟ್ ಫಂಡ್

ಇಲ್ಲಿ ಕಾಯೋದಕ್ಕೆ ಅರ್ಥವೇ ಇಲ್ಲ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಡೆಟ್ ಫಂಡ್ ಯೂನಿಟ್ಟು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 50ಎಎ ಪ್ರಕಾರ ಎಷ್ಟು ವರ್ಷ ಇಟ್ಕೊಂಡ್ರೂ ಶಾರ್ಟ್ ಟರ್ಮ್ ಅಂತಾನೇ, ಸ್ಲ್ಯಾಬ್ ರೇಟೇ. ಇಪ್ಪತ್ತು ವರ್ಷ ಇಟ್ರೂ ಅಷ್ಟೆ. ಮೇಡಂ ಜೂನ್ 2023ರಲ್ಲಿ ಹಾಕಿದ್ದು, ಮೂರು ತಿಂಗಳ ಹಿಂದೆ ಮಾರ್ಚಲ್ಲಿ ಹಾಕಿದ್ದಿದ್ರೆ ಕಥೆ ಬೇರೆ ಇರ್ತಿತ್ತು.

ಕಾರಣ ಏನಂದ್ರೆ, ಈ ಫಂಡುಗಳು ಬಾಂಡಿಂದ ಬಡ್ಡಿ ತಗೊಂಡು ಅದನ್ನ ಯೂನಿಟ್ ಬೆಲೆಯ ಏರಿಕೆಯಾಗಿ ತೋರಿಸ್ತವೆ. ಬ್ಯಾಂಕ್ ಎಫ್‌ಡಿ ಬಡ್ಡಿಗೆ ಪ್ರತಿ ವರ್ಷ ಸ್ಲ್ಯಾಬ್ ರೇಟಲ್ಲಿ ಟ್ಯಾಕ್ಸು, ಅದೇ ಬಡ್ಡಿ ಫಂಡ್ ಮೂಲಕ ಬಂದ್ರೆ ಕ್ಯಾಪಿಟಲ್ ಗೇನ್ ಆಗಿ ಕಮ್ಮಿ ರೇಟು. ಅದನ್ನ ಸರಿ ಮಾಡೋಕೆ 2014ರಲ್ಲಿ ಮೊದಲು ಅವಧಿಯನ್ನ 12ರಿಂದ 36 ತಿಂಗಳಿಗೆ ಏರಿಸಿದ್ರು, ಜನ ಮೂರು ವರ್ಷದ ಪ್ಲಾನ್ ಹುಡುಕ್ಕೊಂಡ್ರು, 2023ರಲ್ಲಿ ಆ ಬಾಗಿಲೇ ಮುಚ್ಚಿದ್ರು. ಅವಧಿ ಅನ್ನೋದು ಆಸ್ತಿಯ ಲಾಭ ಯಾವ ಜಾತಿದು ಅನ್ನೋದಕ್ಕೆ ಒಂದು ಅಂದಾಜು ಅಷ್ಟೆ, ಲಾಭ ಬಡ್ಡಿನೇ ಅಂತ ಖಚಿತ ಆದ ಮೇಲೆ ಅವಧಿ ನೋಡೋ ಅವಶ್ಯಕತೆ ಇಲ್ಲ ಅನ್ನೋದು ಸರ್ಕಾರದ ವಾದ. ನನಗೆ ಇದು ಒಪ್ಪಿಗೆ ಇದೆ, ಎಫ್‌ಡಿಗೂ ಹಣದುಬ್ಬರ ಇದ್ದೇ ಇದೆಯಲ್ಲ, ಅದಕ್ಕೆ ಯಾರೂ ರಿಯಾಯ್ತಿ ಕೊಡ್ಲಿಲ್ಲ.

ಹಾಗಂತ ಡೆಟ್ ಫಂಡ್ ಮಾರಬಾರದು ಅಂತಲ್ಲ, ಇಲ್ಲೇ ಮಜಾ ಇರೋದು. ರೇಟ್ 31.2%, ಕೇಳೋಕೆ ಭಯಂಕರ. ಆದ್ರೆ ಕೈಗೆ ಬರೋ 12 ಲಕ್ಷದಲ್ಲಿ ಲಾಭ ಬರೀ 2 ಲಕ್ಷ, ಟ್ಯಾಕ್ಸ್ 62,400, ಅಂದ್ರೆ ಕೈಗೆ ಬರೋ ನೂರು ರೂಪಾಯಿಗೆ 5 ರೂಪಾಯಿ 20 ಪೈಸೆ. ಬೋನಸ್ ಷೇರಿಗೆ ರೇಟ್ ಬರೀ 20%, ಆದ್ರೆ ಮಾರಿದ್ದೆಲ್ಲ ಲಾಭವೇ, ಹಾಗಾಗಿ ನೂರಕ್ಕೆ 20 ರೂಪಾಯಿ 80 ಪೈಸೆ. ದುಡ್ಡು ಬೇಕು ಅಂತ ಮಾರೋವಾಗ ನೋಡಬೇಕಾಗಿರೋದು ಈ ಎರಡನೇ ಲೆಕ್ಕ. ಅತಿ ಹೆಚ್ಚು ರೇಟಿನ ಆಸ್ತಿನೇ ಇಲ್ಲಿ ಮೊದಲು ಮಾರಬೇಕಾದವುಗಳಲ್ಲಿ ಒಂದು, ಕಾದ್ರೂ ಏನೂ ಸಿಗೋದಿಲ್ಲ ಅನ್ನೋದು ಇನ್ನೊಂದು ಕಾರಣ.

ಅಮ್ಮನ ಚಿನ್ನ

ಚಿನ್ನದ ವಿಷಯದಲ್ಲಿ ಅವರ ಭಯ ಸುಳ್ಳು. ವಿಲ್ಲಲ್ಲಿ, ಗಿಫ್ಟಲ್ಲಿ, ವಾರಸಾಗಿ ಬಂದ ಆಸ್ತಿಗೆ ಹಿಂದಿನ ಮಾಲೀಕರು ಇಟ್ಕೊಂಡ ಅವಧಿನೂ ಸೇರತ್ತೆ, ಅಂದ್ರೆ ಅವಧಿ ಶುರು ಆಗೋದು 2025ರ ಜನವರಿಯಿಂದ ಅಲ್ಲ, 1998ರಿಂದ. ಲಾಂಗ್ ಟರ್ಮ್, 12.5%.

ಇದಕ್ಕೂ ಕಾರಣ ಇದೆ. ಅಮ್ಮನಿಂದ ಮಗಳಿಗೆ ಬಂದಾಗ ಅಲ್ಲಿ ಯಾರಿಗೂ ಟ್ಯಾಕ್ಸ್ ಹಾಕಿಲ್ಲ, ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯ್ತು, ವಿಲ್ ಮೂಲಕ ಬರೋದನ್ನ ಟ್ರಾನ್ಸ್‌ಫರ್ ಅಂತಾನೂ ಪರಿಗಣಿಸಲ್ಲ. ಹಾಗಾಗಿ ಅಮ್ಮನ ಕಾಲದ ಲಾಭ ಟ್ಯಾಕ್ಸ್ ತಪ್ಪಿಸ್ಕೊಂಡು ಹೋಗಬಾರದು ಅಂತ ಅಮ್ಮನ ಖರೀದಿ ಬೆಲೆನೇ ಮಗಳಿಗೆ ಬರತ್ತೆ, ಅಮ್ಮನ ಬೆಲೆ ತಗೊಂಡ ಮೇಲೆ ಅಮ್ಮನ ಅವಧಿ ಕೊಡದೇ ಇರೋದು ಅನ್ಯಾಯ, ಅದಕ್ಕೆ ಎರಡೂ ಜೊತೆಗೇ ಬರತ್ತೆ. ಬೋನಸ್ ಷೇರಿನಲ್ಲಿ ಆಗಿದ್ದು ಇದರ ಉಲ್ಟಾ, ಅಲ್ಲಿ ಬೆಲೆನೂ ಬರ್ಲಿಲ್ಲ, ತಾರೀಖೂ ಬರ್ಲಿಲ್ಲ. ಬೆಲೆ ಮತ್ತೆ ತಾರೀಖು ಸಾಮಾನ್ಯವಾಗಿ ಒಟ್ಟಿಗೇ ಓಡಾಡ್ತವೆ, ಒಂದು ಗೊತ್ತಾದ್ರೆ ಇನ್ನೊಂದನ್ನ ಊಹಿಸಬಹುದು.

1998ರ ಬಿಲ್ ಸಿಗ್ಲಿಲ್ಲ, ಸಿಗಬೇಕಾಗಿಯೂ ಇರ್ಲಿಲ್ಲ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಗೆ ಆ ದಿನದ ಮಾರ್ಕೆಟ್ ಬೆಲೆಯನ್ನ ಖರೀದಿ ಬೆಲೆ ಅಂತ ತಗೋಬಹುದು. ನಾವು 40,000 ಅಂತ ಇಟ್ಕೊಂಡ್ವಿ. 11 ಲಕ್ಷಕ್ಕೆ ಮಾರಿದ್ರೆ ಲಾಭ 10.6 ಲಕ್ಷ, ಟ್ಯಾಕ್ಸ್ 1,37,800, ಅವರು ಹೆದರಿದ್ದ ಹಾಗೆ ಶಾರ್ಟ್ ಟರ್ಮ್ ಆಗಿದ್ದಿದ್ರೆ 3,30,720 ಆಗ್ತಿತ್ತು. ಷೇರಿನ 1.25 ಲಕ್ಷದ ವಿನಾಯ್ತಿ ಚಿನ್ನಕ್ಕೆ ಇಲ್ಲ, ಅದು ಲಿಸ್ಟೆಡ್ ಷೇರು, ಈಕ್ವಿಟಿ ಫಂಡ್ ಕಡೆಯದು.

ಏನು ಮಾಡಿದ್ವಿ

ಎರಡು ವಿಷಯ ತಕ್ಷಣ ತೀರ್ಮಾನ ಆಯ್ತು. ಡೆಟ್ ಫಂಡ್ ಪೂರ್ತಿ ತೆಗೆಯೋದು, 12 ಲಕ್ಷ. ಷೇರಲ್ಲಿ 1,000 ಮಾತ್ರ ಮಾರೋದು, 7 ಲಕ್ಷ. ಯಾವ 1,000 ಅಂತ ಆಯ್ಕೆ ಮಾಡೋಕೆ ಆಗಲ್ಲ, ಡಿಮ್ಯಾಟಲ್ಲಿ ಮೊದಲು ಬಂದಿದ್ದು ಮೊದಲು ಹೋಯ್ತು ಅಂತ ಲೆಕ್ಕ, ಹಾಗಾಗಿ ಹೋಗೋದು 2022ರ ಮೂಲ ಷೇರೇ, ನಮಗೆ ಬೇಕಾಗಿದ್ದೂ ಅದೇ. ಅದರಲ್ಲಿ ಟ್ಯಾಕ್ಸ್ ಇಲ್ಲ, ಬದಲಿಗೆ 1 ಲಕ್ಷ ಲಾಂಗ್ ಟರ್ಮ್ ನಷ್ಟ ಕೈಯಲ್ಲಿ ಉಳೀತು. ಬೋನಸ್ ಬಂದಾಗ ನಷ್ಟ ಸೃಷ್ಟಿ ಮಾಡೋದನ್ನ ತಡೆಯೋಕೆ ಒಂದು ನಿಯಮ ಇದೆ, ಆದ್ರೆ ಅದು ರೆಕಾರ್ಡ್ ಡೇಟಿಗೆ ಮೂರು ತಿಂಗಳ ಒಳಗೆ ಷೇರು ಕೊಂಡವರಿಗೆ, ಇವರದ್ದು 2022ರ ಖರೀದಿ, ತೊಂದರೆ ಇಲ್ಲ.

19 ಲಕ್ಷ ಆಯ್ತು, ಇನ್ನು 6 ಲಕ್ಷ. ಇದಕ್ಕೆ ಮೂರು ದಾರಿ. ಬೋನಸ್ ಷೇರನ್ನ ಈಗಲೇ ಮಾರಿ 1,45,600 ಕಟ್ಟೋದು. ಅಥವಾ ಚಿನ್ನದಲ್ಲಿ 60 ಗ್ರಾಂ ಮಾರೋದು, ಷೇರಿನ ನಷ್ಟ ಇದರಲ್ಲಿ ಕಳೆದುಹೋಗತ್ತೆ, ಟ್ಯಾಕ್ಸ್ ಸುಮಾರು 70,000. ಅಥವಾ ಚಿನ್ನ ಅಡ ಇಟ್ಟು ನಾಲ್ಕು ತಿಂಗಳಿಗೆ 6 ಲಕ್ಷ ಲೋನ್ ತಗೊಂಡು, ಮಾರ್ಚ್ 10 ದಾಟಿದ ಮೇಲೆ ಬೋನಸ್ ಷೇರು ಮಾರಿ ತೀರಿಸೋದು. ಹತ್ತು ಪರ್ಸೆಂಟಿನ ಹಾಗೆ ಬಡ್ಡಿ ಸುಮಾರು 20,000. ಆಗ ಬೋನಸ್‌ನ 7 ಲಕ್ಷ ಲಾಂಗ್ ಟರ್ಮ್, ಅದರಲ್ಲಿ ನಷ್ಟ 1 ಲಕ್ಷ, ವಿನಾಯ್ತಿ 1.25 ಲಕ್ಷ ಕಳೆದು ಟ್ಯಾಕ್ಸ್ 61,750. ನೋಡಿ, ಅವರು ಮೊದಲ ದಿನ ಹೇಳಿದ ಅಂಕಿನೇ ಬಂತು, ಲಾಭ 6 ಲಕ್ಷ ಅನ್ನೋದು ಸರಿ ಇತ್ತು, ನಾಲ್ಕು ತಿಂಗಳು ಬೇಗ ಹಾಕಿದ ಲೆಕ್ಕ ಅಷ್ಟೆ.

ಚಿನ್ನ ಮಾರೋದು ಮೇಡಂಗೆ ಮನಸ್ಸೇ ಇರ್ಲಿಲ್ಲ, ಟ್ಯಾಕ್ಸ್ ಕಮ್ಮಿ ಅಂತ ಗೊತ್ತಾದ ಮೇಲೂ. ಅದನ್ನ ನಾನು ವಾದ ಮಾಡೋಕೆ ಹೋಗ್ಲಿಲ್ಲ. ಮೂರನೇ ದಾರಿಗೆ ಒಂದು ಷರತ್ತು ಮಾತ್ರ ಬಿಡಿಸಿ ಹೇಳಿದೆ: ಕಾಯೋದಕ್ಕೆ ಸಿಗೋ ಉಳಿತಾಯ ಸುಮಾರು 84,000, ಬಡ್ಡಿ ಕಳೆದ್ರೆ 64,000, ಆದ್ರೆ ಆ ನಾಲ್ಕು ತಿಂಗಳು ಷೇರಿನ ಬೆಲೆ ನಿಮ್ಮ ಮಾತು ಕೇಳಲ್ಲ, 700 ಇದ್ದದ್ದು 627ರ ಹತ್ತಿರಕ್ಕೆ ಇಳಿದ್ರೆ ಕಾದಿದ್ದು ಬಿದ್ದಿದ್ದು ಎರಡೂ ಸಮ. ಈಗಲೇ ಮಾರಿದ್ರೆ ಆ 1 ಲಕ್ಷ ನಷ್ಟನ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ದು ಇನ್ಯಾವುದೋ ಲಾಭದಲ್ಲಿ ಕಳೆದು 13,000 ಉಳಿಸಬಹುದು, ಅದನ್ನೂ ಸೇರಿಸಿದ್ರೆ 642ಕ್ಕೇ ಸಮ. ಟ್ಯಾಕ್ಸ್ ಇರ್ಲೇ ಇಲ್ಲ ಅಂದ್ಕೊಳ್ಳಿ, ಈ ಷೇರನ್ನ ಇನ್ನೂ ನಾಲ್ಕು ತಿಂಗಳು ಇಟ್ಕೊಳ್ತಿದ್ರಾ ಅಂತ ಕೇಳಿದೆ. ಇಬ್ರೂ ಇಟ್ಕೊಳ್ತಿದ್ವಿ ಅಂದ್ರು. ಸರಿ ಅಂತ ಮುಂದುವರಿದ್ವಿ.

ಆಗಿದ್ದೇನು

ಮಾರ್ಚ್ ಹೊತ್ತಿಗೆ ಷೇರು 650ಕ್ಕೆ ಬಂದಿತ್ತು. ಫೆಬ್ರವರಿಯಲ್ಲಿ ಒಂದು ದಿನ ಯಜಮಾನ್ರು ಫೋನ್ ಮಾಡಿ ಇನ್ನೂ ಬೀಳತ್ತೇನೋ, ಮಾರಿಬಿಡೋಣ್ವಾ ಅಂದಿದ್ರು, ಆಗ ಮಾರಿದ್ರೆ ಬಿದ್ದ ಬೆಲೆಗೆ ಮಾರಿ 20% ಟ್ಯಾಕ್ಸೂ ಕಟ್ಟಿ ಬಡ್ಡಿನೂ ಕಟ್ಟಿದ ಹಾಗೆ ಆಗ್ತಿತ್ತು. ಒಂದು ತಿಂಗಳಷ್ಟೇ ಬಾಕಿ ಇದ್ದಿದ್ರಿಂದ ಹಿಡ್ಕೊಂಡ್ರು. ಈ ಒತ್ತಡ ಕಾಗದದ ಮೇಲಿನ ಲೆಕ್ಕದಲ್ಲಿ ಕಾಣಲ್ಲ, ಅವಧಿಗೆ ಹತ್ತಿರ ಬಂದಷ್ಟೂ ಷೇರು ಚೆನ್ನಾಗಿದೆಯೋ ಇಲ್ವೋ ಅನ್ನೋ ಪ್ರಶ್ನೆನೇ ಮರೆತು ಎಲ್ಲರೂ ಕ್ಯಾಲೆಂಡರ್ ನೋಡ್ತಿರ್ತಾರೆ. ಹೋಲ್ಡಿಂಗ್ ಪೀರಿಯಡ್ ರೂಲಿನ ಮೇಲಿರೋ ಹಳೇ ಟೀಕೆನೂ ಇದೇ, ಒಂದು ದಿನದ ವ್ಯತ್ಯಾಸಕ್ಕೆ ರೇಟ್ ಏಕ್ದಂ ಬದಲಾಗೋದ್ರಿಂದ ಮಾರಬೇಕಾದೋರು ಮಾರದೇ ಕೂರ್ತಾರೆ. ಬ್ರಿಟನ್‌ನಲ್ಲಿ ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ರಿಯಾಯ್ತಿ ಏರೋ ಪದ್ಧತಿ 1998ರಲ್ಲಿ ತಂದು ನೋಡಿದ್ರು, 2008ರಲ್ಲಿ ಅದನ್ನೂ ಕೈ ಬಿಟ್ರು.

ರೂಲ್ ಹೇಳೋದು 12 ತಿಂಗಳಿಗಿಂತ ಹೆಚ್ಚು ಅಂತ, 12 ತಿಂಗಳು ತುಂಬಿದ ದಿನ ಅಲ್ಲ. ಹಾಗಾಗಿ ಗಡಿ ದಿನದ ಹತ್ತಿರ ಆಟ ಆಡೋದು ಬೇಡ ಅಂತ ಒಂದು ವಾರ ಬಿಟ್ಟು ಮಾರ್ಚ್ ಮೂರನೇ ವಾರದಲ್ಲಿ ಮಾರಿಸಿದೆ. ಅರ್ಧ ಈಗ, ಅರ್ಧ ಏಪ್ರಿಲಲ್ಲಿ ಮಾರಿದ್ರೆ ಎರಡು ವರ್ಷದ 1.25 ಲಕ್ಷ ವಿನಾಯ್ತಿನೂ ಸಿಕ್ಕಿ ಇನ್ನೊಂದು 16,000 ಉಳಿಯತ್ತೆ ಅಂತ ಹೇಳಿದ್ದೆ, ಆದ್ರೆ ಬೀಳ್ತಿರೋ ಷೇರನ್ನ ಇನ್ನೆರಡು ವಾರ ನೋಡ್ಕೊಂಡು ಕೂರೋ ತಾಳ್ಮೆ ಅವರಿಗೆ ಉಳಿದಿರ್ಲಿಲ್ಲ, ಲೋನ್ ಮುಗಿಸಿಬಿಡೋಣ ಅಂದ್ರು. ಅದೂ ಒಪ್ಪೋ ಮಾತೇ.

ಕೊನೆ ಲೆಕ್ಕ ಹೀಗಿತ್ತು. 6.5 ಲಕ್ಷಕ್ಕೆ ಮಾರಿ, ನಷ್ಟ ಮತ್ತು ವಿನಾಯ್ತಿ ಕಳೆದು 4.25 ಲಕ್ಷಕ್ಕೆ ಟ್ಯಾಕ್ಸ್ 55,250. ಬಡ್ಡಿ 20,000 ಕಳೆದು ಕೈಗೆ ಉಳಿದಿದ್ದು 5,74,750. ನವೆಂಬರಲ್ಲೇ ಮಾರಿದ್ದಿದ್ರೆ 5,54,400 ಉಳೀತಿತ್ತು. ಅಂದ್ರೆ ನಾಲ್ಕು ತಿಂಗಳ ಟೆನ್ಷನ್ನಿಗೆ ಸಿಕ್ಕಿದ್ದು 20,350, ಮುಂದಕ್ಕೆ ಒಯ್ಯಬಹುದಾಗಿದ್ದ ನಷ್ಟದ 13,000 ಬೆಲೆನೂ ಕಳೆದ್ರೆ ಏಳು ಸಾವಿರ ಚಿಲ್ಲರೆ. ನವೆಂಬರಲ್ಲಿ ಕಂಡ 64,000ದಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಮಾರ್ಕೆಟ್ ತಿಂದಿತ್ತು. ಲಾಭದ ಮಾತು ಅಂದ್ರೆ ಕಾದಿದ್ದರಿಂದ ಬಂದಿದ್ದು ಅಷ್ಟೇ, ನಿಜವಾದ ಉಳಿತಾಯ ಬಂದಿದ್ದು 2,000 ಷೇರನ್ನ ಒಟ್ಟಿಗೆ ಮಾರದೇ ಎರಡು ಆಸ್ತಿ ಅಂತ ನೋಡಿದ್ರಿಂದ ಅಂತ ನನ್ನ ಅಭಿಪ್ರಾಯ, ಅದರಿಂದಾನೇ ಆಯ್ಕೆ ಅನ್ನೋದು ಅವರ ಕೈಗೆ ಸಿಕ್ಕಿದ್ದು. ಮಾರ್ಚ್ 15ರ ನಂತರ ಬಂದ ಗೇನ್ ಆದ್ರಿಂದ ಅಡ್ವಾನ್ಸ್ ಟ್ಯಾಕ್ಸನ್ನ 31ರೊಳಗೆ ಕಟ್ಟಿದ್ರು, ಡೆಟ್ ಫಂಡಿನದ್ದು ಡಿಸೆಂಬರ್ ಕಂತಲ್ಲೇ ಹೋಗಿತ್ತು. ಗೋಲ್ಡ್ ಲೋನಿನ ಬಡ್ಡಿಯನ್ನ ಕ್ಯಾಪಿಟಲ್ ಗೇನಲ್ಲಿ ಖರ್ಚು ಅಂತ ತೋರಿಸ್ಬಹುದಾ ಅಂತ ಕೇಳಿದ್ರು, ಅದು ಷೇರು ಮಾರೋ ಖರ್ಚಲ್ಲ, ಆಗಲ್ಲ ಅಂದೆ.

ಚಿನ್ನ ಲಾಕರ್ರಿಗೆ ವಾಪಸ್ ಹೋಯ್ತು, ಆದ್ರೆ ಅದರ ಕಾಗದದ ಕೆಲಸನ ಈಗಲೇ ಮುಗಿಸಿ ಅಂತ ಹೇಳಿದೀನಿ: ವಿಲ್ ಕಾಪಿ, ಡೆತ್ ಸರ್ಟಿಫಿಕೇಟು, 2001ರ ಏಪ್ರಿಲ್ 1ರ ಬೆಲೆಗೆ ವ್ಯಾಲ್ಯೂಯರ್ ರಿಪೋರ್ಟು, 1998ರಲ್ಲೇ ಆ ಒಡವೆ ಮನೇಲಿತ್ತು ಅಂತ ತೋರಿಸೋ ಹಳೇ ಫೋಟೋ ಏನಾದ್ರೂ ಇದ್ರೆ ಅದೂ. ಇನ್ನು ಹತ್ತು ವರ್ಷ ಬಿಟ್ಟು ಮಾರೋಕೆ ಬಂದ್ರೆ, ಅಮ್ಮ ಇದನ್ನ ಯಾವಾಗ ಮಾಡಿಸಿದ್ರು ಅಂತ ಹೇಳೋರು ಮನೇಲಿ ಯಾರೂ ಇರಲ್ಲ.